ಮುಚ್ಚಬೇಕಾಗಿದ್ದ ನಾಳ

ದಾವಣಗೆರೆಯಲ್ಲಿ ಆಶಾ ಕಾರ್ಯಕರ್ತೆಯರು, ಶುಶ್ರೂಷಾ ವಿದ್ಯಾರ್ಥಿನಿಯರು ಮತ್ತು ಚಿಕ್ಕ ಮಕ್ಕಳ ತಂದೆತಾಯಂದಿರು ಸೇರಿದ್ದ ಸಭೆಯೊಂದರಲ್ಲಿ ಮಕ್ಕಳ ವೈದ್ಯನಾಗಿ ನಾನು ನೀಡಿದ ಉಪನ್ಯಾಸವನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಇದರಲ್ಲಿ ಬರುವ ರೋಗಿಗಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಚನ್ನಗಿರಿ ಕಡೆಯ ಹಳ್ಳಿಯೊಂದರಿಂದ ಮೂರೂವರೆ ತಿಂಗಳ ಹೆಣ್ಣುಮಗುವನ್ನು ಎತ್ತಿಕೊಂಡು ಒಬ್ಬ ಅಜ್ಜಿ ನನ್ನಲ್ಲಿಗೆ ಬಂದಿದ್ದರು. ತಿಂಗಳೊಪ್ಪತ್ತಿನಲ್ಲಿ ಎರಡು ಸಲ ನ್ಯುಮೋನಿಯಾ ಎಂದು ಮಗುವಿಗೆ ಚಿಕಿತ್ಸೆಯಾಗಿತ್ತು, ಕೈಯಲ್ಲಿ ಔಷಧ ಚೀಟಿಗಳ ಕಟ್ಟೇ ಇತ್ತು. ಆದರೆ ಅಜ್ಜಿ ಕೆಮ್ಮಿನ ಮಾತನ್ನೇ ಮೊದಲು ಎತ್ತಲಿಲ್ಲ. "ಕೂಸು ಹಾಲು ಕುಡಿಯಾಕ ಹತ್ತಿದ್ರ ಹಣಿ ಎಲ್ಲಾ ತೊಯ್ದು ಹೋಗ್ತತಿ ಡಾಕ್ಟ್ರೇ, ನಾಕು ಗುಟುಕು ಕುಡಿದು ಬಿಟ್ಟುಬಿಡ್ತತಿ" ಎಂದರು. ಆ ಒಂದು ಮಾತಿನಲ್ಲಿ ಇಡೀ ರೋಗವೇ ಇತ್ತು. ಮೊಲೆ ಹಾಲು ಕುಡಿಯುವುದು ಎಳೆ ಮಗುವಿನ ಪಾಲಿಗೆ ನಾವು ಮೆಟ್ಟಿಲು ಹತ್ತುವಷ್ಟೇ ಶ್ರಮದ ಕೆಲಸ. ಆ ಶ್ರಮಕ್ಕೆ ಹಣೆ ಬೆವರಿ, ಉಸಿರು ಕಟ್ಟಿ, ಮಗು ನಡುವೆಯೇ ಬಿಡುತ್ತದೆ ಎಂದರೆ ಶ್ವಾಸಕೋಶವನ್ನಷ್ಟೇ ಅಲ್ಲ, ಹೃದಯವನ್ನೂ ನೋಡಬೇಕು.

ಈ ಮಗು ದಿನ ತುಂಬಿ, 2.8 ಕಿಲೋ ತೂಕದಲ್ಲಿ ಹುಟ್ಟಿತ್ತು. ಮೂರನೆಯ ದಿನ ಮನೆಗೆ ಕಳಿಸುವಾಗ ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿದವರಿಗೆ ಯಾವ ಅಸಹಜ ಸದ್ದೂ ಕೇಳಿರಲಿಲ್ಲ, ಚೀಟಿಯಲ್ಲಿ ಹಾಗೆಂದೇ ಬರೆದಿತ್ತು. ಹುಟ್ಟಿದಾಗ ಇಲ್ಲದ ಹೃದಯದ ತೊಂದರೆ ಮೂರು ತಿಂಗಳಿಗೆ ಎಲ್ಲಿಂದ ಬಂತು ಎಂಬುದು ಅವರ ಮನೆಯವರ ಪ್ರಶ್ನೆಯಾಗಿತ್ತು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮಗು ತಾಯಿಯ ಹೊಟ್ಟೆಯಲ್ಲಿದ್ದ ದಿನಗಳಿಂದಲೇ ಶುರು ಮಾಡಬೇಕು.

ಗರ್ಭದಲ್ಲಿರುವ ಮಗುವಿಗೂ ಶ್ವಾಸಕೋಶವಿದೆ, ಆದರೆ ಅದರ ತುಂಬ ಗಾಳಿಯ ಬದಲು ದ್ರವ ತುಂಬಿರುತ್ತದೆ. ಆಮ್ಲಜನಕ ಬರುವುದು ಮಾಸಿನಿಂದ. ತಾಯಿಯ ರಕ್ತದಿಂದ ಆಮ್ಲಜನಕವನ್ನು ಹೀರಿಕೊಂಡ ರಕ್ತವು ಹೊಕ್ಕುಳಬಳ್ಳಿಯ ಅಭಿಧಮನಿಯ ಮೂಲಕ ಮಗುವಿನ ಯಕೃತ್ತಿನ ಕಡೆಗೆ ಹೋಗಿ, ಅಲ್ಲಿಂದ ಅದರ ಒಂದು ಪಾಲು ಅಡ್ಡದಾರಿಯಲ್ಲಿ ನೇರವಾಗಿ ಹೃದಯದ ಬಲಭಾಗವನ್ನು ಸೇರುತ್ತದೆ. ಈ ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಸುಮಾರು 80 ಶೇಕಡಾ ಇರುತ್ತದೆ, ಅಂದರೆ ಗರ್ಭದೊಳಗಿನ ಅತ್ಯಂತ ಒಳ್ಳೆಯ ರಕ್ತವೂ ನಮ್ಮ ಬೆರಳ ತುದಿಯ ರಕ್ತದಷ್ಟು ಆಮ್ಲಜನಕ ಹೊತ್ತಿರುವುದಿಲ್ಲ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇದ್ದು, ಅದಕ್ಕೆ ಒಂದೇ ಕಡೆಗೆ ತೆರೆಯುವ ತೆಳುವಾದ ಪರದೆ ಇದೆ. ಈ ಒಳ್ಳೆಯ ರಕ್ತದ ಹೆಚ್ಚಿನ ಪಾಲು ಆ ಕಿಂಡಿಯಿಂದ ಎಡಗಡೆಗೆ ದಾಟಿ, ಹೃದಯದ ಸ್ನಾಯುವಿಗೆ ಮತ್ತು ಮಿದುಳಿಗೆ ಹೋಗುತ್ತದೆ. ಯಾವ ಅಂಗಕ್ಕೆ ಒಳ್ಳೆಯ ರಕ್ತ ಮೊದಲು ಬೇಕೋ ಆ ಅಂಗಕ್ಕೆ ಅದು ಮೊದಲು ಸಿಗುವಂತೆ ದಾರಿಗಳು ಜೋಡಣೆಯಾಗಿರುವುದನ್ನು ಎಷ್ಟು ಸಲ ವಿವರಿಸಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ಇನ್ನು ತಲೆ ಮತ್ತು ಕೈಗಳಿಂದ ಮರಳಿ ಬಂದ, ಆಮ್ಲಜನಕ ಕಳೆದುಕೊಂಡ ರಕ್ತದ ಸಂಗತಿ. ಇದು ಹೃದಯದ ಬಲಗಡೆಯ ಕೆಳಕೋಣೆಗೆ ಇಳಿದು, ಅಲ್ಲಿಂದ ಶ್ವಾಸಕೋಶದ ಅಪಧಮನಿಗೆ ತಳ್ಳಲ್ಪಡುತ್ತದೆ. ಆದರೆ ಶ್ವಾಸಕೋಶದೊಳಗೆ ದ್ರವ ತುಂಬಿದೆ, ಅದರ ಸಣ್ಣ ರಕ್ತನಾಳಗಳು ಬಿಗಿಯಾಗಿ ಮುದುಡಿವೆ. ಅಲ್ಲಿಗೆ ರಕ್ತ ನುಗ್ಗುವುದು ಕಷ್ಟ. ಹೀಗಾಗಿ ಹೃದಯದ ಎರಡೂ ಬದಿಯಿಂದ ಹೊರಡುವ ಒಟ್ಟು ರಕ್ತದಲ್ಲಿ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಶ್ವಾಸಕೋಶಕ್ಕೆ ಹೋಗುತ್ತದೆ. ಉಳಿದದ್ದಕ್ಕೆ ಬೇರೆ ದಾರಿ ಬೇಕಲ್ಲವೇ? ಆ ದಾರಿಯೇ ನಮ್ಮ ಇಂದಿನ ವಿಷಯ. ಶ್ವಾಸಕೋಶದ ಅಪಧಮನಿಯನ್ನು ದೇಹದ ಮುಖ್ಯ ರಕ್ತನಾಳವಾದ ಮಹಾಪಧಮನಿಗೆ ಕೂಡಿಸುವ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಗಿಡ್ಡ ನಾಳವಿದೆ. ಅದಕ್ಕೆ ಡಕ್ಟಸ್ ಆರ್ಟೀರಿಯೋಸಸ್ ಎಂದು ಹೆಸರು. ದಿನ ತುಂಬಿದ ಮಗುವಿನಲ್ಲಿ ಇದು ಎದೆಯಿಂದ ಹೊಟ್ಟೆಗೆ ಇಳಿಯುವ ಮಹಾಪಧಮನಿಯಷ್ಟೇ ಅಗಲವಾಗಿರುತ್ತದೆ. ಇದರ ಮೂಲಕ ರಕ್ತ ಕೆಳಗಿನ ಅರ್ಧ ದೇಹಕ್ಕೆ ಇಳಿದು, ಹೊಕ್ಕುಳಬಳ್ಳಿಯ ಎರಡು ಅಪಧಮನಿಗಳಿಂದ ಮತ್ತೆ ಮಾಸಿಗೆ ಮರಳುತ್ತದೆ. ಗರ್ಭದಲ್ಲಿ ಈ ನಾಳವಿಲ್ಲದಿದ್ದರೆ ಹೃದಯದ ಬಲಭಾಗ ತಾನು ತಳ್ಳಿದ ರಕ್ತಕ್ಕೆ ಹೋಗಲು ಜಾಗವಿಲ್ಲದೆ ಸೋತುಹೋಗುತ್ತಿತ್ತು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂದು ಸಭೆಯಲ್ಲಿ ಕೇಳಿಕೊಂಡೆ, ಓದುವವರನ್ನೂ ಕೇಳಿಕೊಳ್ಳುತ್ತೇನೆ. ನಾಳಕ್ಕೆ ತನ್ನದೇ ಆದ ದಿಕ್ಕು ಇಲ್ಲ. ಭದ್ರಾ ನಾಲೆಯ ಬಯಲಿನಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಕ್ಕಪಕ್ಕದ ಎರಡು ಕಾಲುವೆಗಳ ನಡುವೆ ಒಂದು ಕೊಳವೆ ಹೂಳಿದರೆ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಕೊಳವೆ ತೀರ್ಮಾನಿಸುವುದಿಲ್ಲ, ಯಾವ ಕಾಲುವೆಯ ಮಟ್ಟ ಎತ್ತರವಿದೆ ಎಂಬುದು ತೀರ್ಮಾನಿಸುತ್ತದೆ. ಗರ್ಭದಲ್ಲಿ ಶ್ವಾಸಕೋಶದ ಕಡೆ ಒತ್ತಡ ಹೆಚ್ಚು, ದೇಹದ ಕಡೆ ಕಡಿಮೆ, ಏಕೆಂದರೆ ಮಾಸು ಬಹಳ ಸಲೀಸಾಗಿ ರಕ್ತವನ್ನು ಬಿಟ್ಟುಕೊಳ್ಳುವ ಅಂಗ. ಆದ್ದರಿಂದ ರಕ್ತ ಶ್ವಾಸಕೋಶದ ಅಪಧಮನಿಯಿಂದ ಮಹಾಪಧಮನಿಗೆ ಹರಿಯುತ್ತದೆ.

ಮಗು ಹುಟ್ಟಿ ಮೊದಲ ಸಲ ಅತ್ತಾಗ ಈ ಎರಡು ಮಟ್ಟಗಳೂ ತಿರುವುಮುರುವಾಗುತ್ತವೆ. ಗಾಳಿ ಒಳಹೊಕ್ಕು ಶ್ವಾಸಕೋಶ ಬಿಚ್ಚಿಕೊಳ್ಳುತ್ತದೆ, ದ್ರವ ಹೀರಿಹೋಗುತ್ತದೆ, ಆಮ್ಲಜನಕ ತಾಕಿದೊಡನೆ ಅಲ್ಲಿನ ಸಣ್ಣ ರಕ್ತನಾಳಗಳು ಸಡಿಲಗೊಂಡು ರಕ್ತ ನುಗ್ಗತೊಡಗುತ್ತದೆ. ಅದೇ ಹೊತ್ತಿಗೆ ಹೊಕ್ಕುಳಬಳ್ಳಿಗೆ ಕ್ಲಾಂಪ್ ಹಾಕಿದಾಗ ಮಾಸೆಂಬ ಸಲೀಸಾದ ದಾರಿ ಮುಚ್ಚಿ, ದೇಹದ ಕಡೆಯ ಒತ್ತಡ ಏರುತ್ತದೆ. ಶ್ವಾಸಕೋಶದಿಂದ ಹೃದಯದ ಎಡಕೋಣೆಗೆ ರಕ್ತ ತುಂಬಿ ಬಂದು, ಮೇಲೆ ಹೇಳಿದ ಕಿಂಡಿಯ ಪರದೆಯನ್ನು ಎಡಗಡೆಯಿಂದ ಒತ್ತಿ ಮುಚ್ಚುತ್ತದೆ. ಆ ಪರದೆ ಬಹುತೇಕರಲ್ಲಿ ಮುಂದೆ ಗೋಡೆಗೆ ಅಂಟಿಕೊಳ್ಳುತ್ತದೆ, ನಾಲ್ವರಲ್ಲಿ ಒಬ್ಬರಲ್ಲಿ ಅಂಟದೆ ಉಳಿದರೂ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ಉಳಿದದ್ದು ನಾಳ. ಈಗ ಅದರಲ್ಲಿ ರಕ್ತ ಹಿಮ್ಮುಖವಾಗಿ, ಮಹಾಪಧಮನಿಯಿಂದ ಶ್ವಾಸಕೋಶದ ಕಡೆಗೆ ಹರಿಯಲು ಶುರುವಾಗಿದೆ. ಹಾಗೆ ಹರಿಯುವ ರಕ್ತ ಆಮ್ಲಜನಕ ತುಂಬಿದ ರಕ್ತ. ನಾಳದ ಗೋಡೆಯಲ್ಲಿ ದಪ್ಪ ಸ್ನಾಯು ಇದ್ದು, ಆಮ್ಲಜನಕ ಹೆಚ್ಚಾದರೆ ಅದು ಬಿಗಿಯುತ್ತದೆ. ಶ್ವಾಸಕೋಶದ ರಕ್ತನಾಳ ಆಮ್ಲಜನಕಕ್ಕೆ ಸಡಿಲಗೊಂಡರೆ, ಅದಕ್ಕೇ ಅಂಟಿಕೊಂಡಿರುವ ಈ ನಾಳ ಅದೇ ಆಮ್ಲಜನಕಕ್ಕೆ ಬಿಗಿಯುತ್ತದೆ ಎಂಬುದನ್ನು ಗಮನಿಸಿ. ಇನ್ನೊಂದು ಕಾರಣವೂ ಇದೆ. ಗರ್ಭದಲ್ಲಿ ನಾಳವನ್ನು ತೆರೆದಿಟ್ಟಿದ್ದದ್ದು ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಅದರ ದೊಡ್ಡ ಪಾಲು ಮಾಸಿನಲ್ಲಿ ತಯಾರಾಗುತ್ತಿತ್ತು, ಅದನ್ನು ಒಡೆದುಹಾಕುವ ಕೆಲಸ ಶ್ವಾಸಕೋಶದ್ದು. ಮಾಸು ಬೇರೆಯಾಗಿ, ಶ್ವಾಸಕೋಶಕ್ಕೆ ರಕ್ತ ಹರಿಯಲು ತೊಡಗಿದ ಮೇಲೆ ಉತ್ಪತ್ತಿಯೂ ನಿಂತಿತು, ಉಳಿದದ್ದೂ ಕರಗಿತು. ಹೀಗೆ ದಿನ ತುಂಬಿದ ಬಹುತೇಕ ಮಕ್ಕಳಲ್ಲಿ ಎರಡು ಮೂರು ದಿನಗಳೊಳಗೆ ನಾಳ ಬಿಗಿದು ರಕ್ತ ಹರಿಯುವುದು ನಿಲ್ಲುತ್ತದೆ. ಹಾಗೆ ಬಿಗಿದಾಗ ಗೋಡೆಯ ಒಳಪದರಕ್ಕೇ ರಕ್ತ ಸಿಗದೆ, ಅಲ್ಲಿನ ಜೀವಕೋಶಗಳು ಸತ್ತು, ಎರಡು ಮೂರು ವಾರಗಳಲ್ಲಿ ನಾರು ಬೆಳೆದು ನಾಳ ಶಾಶ್ವತವಾಗಿ ಮುಚ್ಚುತ್ತದೆ. ನಮ್ಮೆಲ್ಲರ ಎದೆಯಲ್ಲೂ ಆ ನಾಳದ ಗುರುತಾಗಿ ಒಂದು ಗಟ್ಟಿ ಎಳೆ ಉಳಿದಿದೆ.

ಕೆಲವು ಮಕ್ಕಳಲ್ಲಿ ಅದು ಮುಚ್ಚುವುದಿಲ್ಲ. ಹಾಗೆ ತೆರೆದೇ ಉಳಿದ ನಾಳವನ್ನು ನಾವು ಪೇಟೆಂಟ್ ಡಕ್ಟಸ್ ಆರ್ಟೀರಿಯೋಸಸ್, ಚಿಕ್ಕದಾಗಿ ಪಿಡಿಎ ಎನ್ನುತ್ತೇವೆ. ದಿನ ತುಂಬಿ ಹುಟ್ಟಿದವರಲ್ಲಿ ಸುಮಾರು 2000ಕ್ಕೆ ಒಂದು ಮಗುವಿಗೆ ಹೀಗಾಗುತ್ತದೆ, ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಹೆಚ್ಚು. ಗರ್ಭಿಣಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ತಗುಲಿದ್ದರೆ ಇದರ ಸಾಧ್ಯತೆ ಏರುತ್ತದೆ. ದಿನ ತುಂಬಿದ ಮಗುವಿನಲ್ಲಿ ನಾಳ ಉಳಿದಿದೆ ಎಂದರೆ ಅದರ ಗೋಡೆಯ ರಚನೆಯಲ್ಲೇ ಕೊರತೆ ಇದೆ ಎಂದರ್ಥ, ಆದ್ದರಿಂದ ಔಷಧದಿಂದ ಅದನ್ನು ಮುಚ್ಚಲಾಗದು.

ಈಗ ನಮ್ಮ ಚನ್ನಗಿರಿ ಕಡೆಯ ಮಗುವಿಗೆ ಮರಳೋಣ. ಅದು ಮೂರನೆಯ ದಿನ ಏಕೆ ಸರಿಯಾಗಿತ್ತು? ಹುಟ್ಟಿದೊಡನೆ ಶ್ವಾಸಕೋಶದ ರಕ್ತನಾಳಗಳು ಸಡಿಲಗೊಳ್ಳುತ್ತವೆ ಎಂದೆ, ಆದರೆ ಪೂರ್ತಿ ಸಡಿಲಗೊಳ್ಳಲು ಅವುಗಳಿಗೆ ಆರರಿಂದ ಎಂಟು ವಾರ ಬೇಕು. ಮೊದಲ ದಿನಗಳಲ್ಲಿ ಶ್ವಾಸಕೋಶದ ಒತ್ತಡ ಇನ್ನೂ ಸಾಕಷ್ಟು ಎತ್ತರದಲ್ಲೇ ಇರುತ್ತದೆ. ಎರಡು ಕಾಲುವೆಗಳ ಮಟ್ಟದಲ್ಲಿ ಅಂತರ ಕಡಿಮೆ ಇದ್ದಾಗ ನಡುವಿನ ಕೊಳವೆ ಎಷ್ಟೇ ದೊಡ್ಡದಿದ್ದರೂ ನೀರು ರಭಸವಾಗಿ ಹರಿಯುವುದಿಲ್ಲ, ಸದ್ದೂ ಮಾಡುವುದಿಲ್ಲ. ವಾರ ಕಳೆದಂತೆ ಶ್ವಾಸಕೋಶದ ಮಟ್ಟ ಇಳಿಯುತ್ತದೆ, ಹರಿವು ಏರುತ್ತದೆ. ಅಂದರೆ ಶ್ವಾಸಕೋಶ ಆರೋಗ್ಯವಾಗಿ ಬೆಳೆಯುತ್ತಿರುವುದೇ ಈ ಮಗುವಿನ ಕಾಯಿಲೆ ಹೊರಬೀಳಲು ಕಾರಣವಾಗುತ್ತದೆ. ಮೂರನೆಯ ದಿನ ನೋಡಿದವರು ತಪ್ಪು ಮಾಡಿರಲಿಲ್ಲ. ತಪ್ಪಾದದ್ದು ಒಂದೂವರೆ ತಿಂಗಳಿಗೆ. ಲಸಿಕೆಗೆ ಬಂದಾಗ ತೂಕ 3.3 ಕಿಲೋ ಇತ್ತು, ಉಸಿರಾಟ ಜೋರಾಗಿತ್ತು, ಅದನ್ನು ಶೀತವೆಂದು ತಿಳಿದು ಸಿರಪ್ ಕೊಟ್ಟು ಕಳಿಸಲಾಗಿತ್ತು.

ನಾನು ನೋಡಿದ ದಿನ ತೂಕ ಸರಿಯಾಗಿ 4 ಕಿಲೋ. ಈ ವಯಸ್ಸಿಗೆ ಅದು ಐದೂವರೆಯ ಹತ್ತಿರ ಇರಬೇಕಿತ್ತು. ಮಲಗಿದ್ದಾಗಲೂ ನಿಮಿಷಕ್ಕೆ 64 ಸಲ ಉಸಿರಾಡುತ್ತಿತ್ತು, ಪಕ್ಕೆ ಒಳಗೆ ಸೆಳೆಯುತ್ತಿತ್ತು. ಯಕೃತ್ತು ಪಕ್ಕೆಲುಬಿನ ಕೆಳಗೆ ಎರಡು ಬೆರಳು ಇಳಿದು ಕೈಗೆ ಸಿಗುತ್ತಿತ್ತು. ನಾಡಿ ಹೇಗಿತ್ತೆಂದರೆ, ನನ್ನ ಬೆರಳನ್ನು ಅದರ ಅಂಗೈ ನಡುವೆ ಇಟ್ಟಾಗ ಅಲ್ಲಿಯೂ ಬಡಿತ ತಾಗುತ್ತಿತ್ತು. ಆರೋಗ್ಯವಂತ ಎಳೆ ಮಗುವಿನ ಅಂಗೈಯಲ್ಲಿ ನಾಡಿ ಹೀಗೆ ಎದ್ದು ತಾಗುವುದಿಲ್ಲ. ರಕ್ತದೊತ್ತಡ 80/30 ಇತ್ತು. ಮೇಲಿನ ಅಂಕಿ ಸರಿಯಾಗಿಯೇ ಇದೆ, ಕೆಳಗಿನದು ಕುಸಿದಿದೆ. ಹೃದಯ ತಳ್ಳಿದಾಗ ಮಹಾಪಧಮನಿ ತುಂಬುತ್ತದೆ, ಹೃದಯ ವಿರಮಿಸಿದಾಗ ಅಲ್ಲಿ ಉಳಿಯಬೇಕಿದ್ದ ರಕ್ತ ನಾಳದ ಮೂಲಕ ಶ್ವಾಸಕೋಶಕ್ಕೆ ಸೋರಿಹೋಗುತ್ತದೆ. ಆ ಸೋರಿಕೆಯೇ 30 ಎಂಬ ಅಂಕಿ.

ಎಡ ಕಾಲರ್ ಮೂಳೆಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟರೆ ಬಿಡುವಿಲ್ಲದ ಸದ್ದು ಕೇಳಿತು. ಸಾಮಾನ್ಯವಾಗಿ ಹೃದಯದ ಅಸಹಜ ಸದ್ದು ಬಡಿತದ ಒಂದು ಭಾಗದಲ್ಲಿ ಕೇಳಿ ಮತ್ತೊಂದು ಭಾಗದಲ್ಲಿ ನಿಲ್ಲುತ್ತದೆ. ಇಲ್ಲಿ ಮಹಾಪಧಮನಿಯ ಒತ್ತಡ ಹೃದಯ ತಳ್ಳುವಾಗಲೂ ವಿರಮಿಸುವಾಗಲೂ ಶ್ವಾಸಕೋಶದ ಒತ್ತಡಕ್ಕಿಂತ ಹೆಚ್ಚೇ ಇರುವುದರಿಂದ ಹರಿವು ನಿಲ್ಲುವುದೇ ಇಲ್ಲ, ಸದ್ದೂ ನಿಲ್ಲುವುದಿಲ್ಲ. ಎಡಿನ್‌ಬರೋದ ಗಿಬ್ಸನ್ 1900ರಲ್ಲಿ ಇದನ್ನು ವಿವರಿಸಿದ, ಅವನ ಹೆಸರಿನಿಂದಲೂ ಅದನ್ನು ಕರೆಯುತ್ತಾರೆ. ವೈದ್ಯರ ಬಾಯಲ್ಲಿ ಬಳಕೆಯಲ್ಲಿರುವ ಮಾತು ಮಷಿನರಿ ಮರ್ಮರ್, ಯಂತ್ರದ ಸದ್ದು. ದಾವಣಗೆರೆಯ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅವುಗಳ ಗೋಡೆಯಾಚೆ ನಿಂತು ಕೇಳಿದವರಿಗೆ, ಏರುತ್ತ ಇಳಿಯುತ್ತ ಎಂದೂ ನಿಲ್ಲದ ಆ ಸದ್ದು ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಎಕೋ ಪರೀಕ್ಷೆಯಲ್ಲಿ ನಾಳದ ಅತಿ ಕಿರಿದಾದ ಭಾಗ 3.5 ಮಿಲಿಮೀಟರ್ ಇತ್ತು. ಹೃದಯದ ಎಡಗಡೆಯ ಎರಡೂ ಕೋಣೆಗಳು ಹಿಗ್ಗಿದ್ದವು, ಬಲಗಡೆಯವು ಹಿಗ್ಗಿರಲಿಲ್ಲ. ಸೋರಿದ ರಕ್ತ ಹೋಗುವುದು ಶ್ವಾಸಕೋಶಕ್ಕೆ, ಶ್ವಾಸಕೋಶಕ್ಕೆ ರಕ್ತ ತಳ್ಳುವುದು ಬಲಭಾಗ, ಆದರೂ ಬಳಲಿದ್ದು ಎಡಭಾಗ. ಇದು ಏಕೆಂದು ಸಭೆಯಲ್ಲಿ ವಿದ್ಯಾರ್ಥಿನಿಯೊಬ್ಬರು ಕೇಳಿದರು, ಬಹಳ ಒಳ್ಳೆಯ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ಈ ಗಾತ್ರದ ಮಗುವಿನ ದೇಹಕ್ಕೆ ನಿಮಿಷಕ್ಕೆ ಕಿಲೋಗೆ ಸುಮಾರು 200 ಮಿಲಿಲೀಟರ್‌ನಂತೆ, ಒಟ್ಟು 800 ಮಿಲಿಲೀಟರ್ ರಕ್ತ ಬೇಕು ಎಂದುಕೊಳ್ಳಿ. ಆ 800 ದೇಹವನ್ನು ಸುತ್ತಿ ಬಲಭಾಗಕ್ಕೆ ಮರಳುತ್ತದೆ, ಬಲಭಾಗ ಅಷ್ಟನ್ನೇ ಶ್ವಾಸಕೋಶಕ್ಕೆ ತಳ್ಳುತ್ತದೆ. ಅದರಾಚೆ ನಾಳದಿಂದ ಇನ್ನೂ 1200 ಸೇರುತ್ತದೆ ಎನ್ನಿ. ಈಗ ಶ್ವಾಸಕೋಶದಿಂದ ಎಡಭಾಗಕ್ಕೆ ಮರಳುವುದು 2000 ಮಿಲಿಲೀಟರ್. ಎಡಭಾಗ ಆ 2000ವನ್ನೂ ಮಹಾಪಧಮನಿಗೆ ತಳ್ಳಬೇಕು, ತಳ್ಳಿದ್ದರಲ್ಲಿ 1200 ಮತ್ತೆ ಶ್ವಾಸಕೋಶಕ್ಕೇ ಸೋರುತ್ತದೆ, ದೇಹಕ್ಕೆ ದಕ್ಕುವುದು ಅದೇ 800. ಬಲಭಾಗದ ಕೆಲಸ ಎಂದಿನಷ್ಟೇ ಇದೆ, ಎಡಭಾಗದ ಕೆಲಸ ಎರಡೂವರೆ ಪಟ್ಟಾಗಿದೆ. ಮಗು ಕುಡಿದ ಹಾಲಿನ ಶಕ್ತಿಯೆಲ್ಲ ಈ ವ್ಯರ್ಥ ಸುತ್ತಾಟಕ್ಕೇ ಖರ್ಚಾಗುತ್ತದೆ, ತೂಕ ಏರುವುದು ಎಲ್ಲಿಂದ? ಅತಿಯಾಗಿ ರಕ್ತ ತುಂಬಿದ ಶ್ವಾಸಕೋಶ ಒದ್ದೆಯಾಗಿ ಬಿರುಸಾಗುತ್ತದೆ, ಉಸಿರಾಟ ಜೋರಾಗುತ್ತದೆ, ಸಣ್ಣ ಸೋಂಕೂ ನ್ಯುಮೋನಿಯಾ ಆಗುತ್ತದೆ. ಅಜ್ಜಿ ಕಂಡ ಹಣೆಯ ಬೆವರು, ಆ ಹೆಚ್ಚುವರಿ 1200 ಮಿಲಿಲೀಟರ್‌ನ ಬೆವರು.

ಮೊದಲು ಮಗುವಿನ ಹೃದಯದ ಮೇಲಿನ ಭಾರ ಇಳಿಸಬೇಕಿತ್ತು. ದೇಹದ ಹೆಚ್ಚಿನ ನೀರನ್ನು ಮೂತ್ರದ ಮೂಲಕ ಹೊರಹಾಕುವ ಫ್ಯೂರೋಸಮೈಡ್ ಹನಿ ಆರಂಭಿಸಿದೆವು. ತಾಯಿಗೆ ಹಾಲು ಹಿಂಡಿ ಒಳಲೆಯಲ್ಲಿ ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಕುಡಿಸಲು ಹೇಳಿದೆವು, ಚೀಪುವ ಶ್ರಮ ಉಳಿಯಲೆಂದು. ಒಳಲೆಯನ್ನು ಪ್ರತಿ ಸಲ ಬಿಸಿನೀರಿನಲ್ಲಿ ಕುದಿಸಬೇಕೆಂಬುದನ್ನು ಅಜ್ಜಿ ನನಗಿಂತ ಕಟ್ಟುನಿಟ್ಟಾಗಿ ಪಾಲಿಸಿದರು. ಏಳನೆಯ ತಿಂಗಳಿಗೆ ತೂಕ 5.8 ಕಿಲೋ ತಲುಪಿತು. ಆಗ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲಕ ಬೆಂಗಳೂರಿಗೆ ಕಳಿಸಿದೆವು. 2013ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಹುಟ್ಟಿನಿಂದ ಬರುವ ಹೃದಯದ ದೋಷಗಳಿಗೆ ಚಿಕಿತ್ಸೆ ಉಚಿತವಾಗಿ ಸಿಗುತ್ತದೆ ಎಂಬುದನ್ನು ಇಲ್ಲಿರುವ ಆಶಾ ಕಾರ್ಯಕರ್ತೆಯರು ಮನೆಮನೆಗೂ ತಲುಪಿಸಬೇಕು.

ಅಲ್ಲಿ ಎದೆ ತೆರೆಯಲಿಲ್ಲ. ತೊಡೆಸಂದಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ, ತೆಳುವಾದ ಕೊಳವೆಯನ್ನು ಹೃದಯದವರೆಗೆ ಒಯ್ದು, ನಿಟಿನಾಲ್ ತಂತಿಯಿಂದ ಹೆಣೆದ ಅಣಬೆ ಆಕಾರದ ಒಂದು ಬಿರಡೆಯನ್ನು ನಾಳದಲ್ಲಿ ಬಿಚ್ಚಿ ನಿಲ್ಲಿಸಿದರು. ಬಿರಡೆಯ ಅಗಲವಾದ ತಲೆ ಮಹಾಪಧಮನಿಯ ಕಡೆಗೆ ಇರುತ್ತದೆ, ಹರಿವಿನ ಒತ್ತಡವೇ ಅದನ್ನು ಒತ್ತಿ ಕೂರಿಸುತ್ತದೆ. ಅಂದೇ ಸಂಜೆ ರಕ್ತದೊತ್ತಡ 86/54 ಆಗಿತ್ತು. ಮೂವತ್ತು ಐವತ್ತನಾಲ್ಕಾದದ್ದನ್ನು ನೋಡಿದಾಗ, ಸೋರಿಕೆ ನಿಂತಿತೆಂದು ಎಕೋ ಇಲ್ಲದೆಯೇ ಹೇಳಬಹುದಿತ್ತು. ಬಹಳ ಸಣ್ಣ ಮಕ್ಕಳಲ್ಲಿ ಅಥವಾ ನಾಳದ ಆಕಾರ ಬಿರಡೆಗೆ ಹೊಂದದಿದ್ದಾಗ ಇಂದಿಗೂ ಎಡ ಪಕ್ಕೆಗಳ ನಡುವಿನಿಂದ ಶಸ್ತ್ರಚಿಕಿತ್ಸೆ ಮಾಡಿ ನಾಳವನ್ನು ಕಟ್ಟುತ್ತಾರೆ. ಆ ಶಸ್ತ್ರಚಿಕಿತ್ಸೆಯನ್ನು ಮೊದಲು ಯಶಸ್ವಿಯಾಗಿ ಮಾಡಿದ್ದು ಬಾಸ್ಟನ್ ನಗರದ ರಾಬರ್ಟ್ ಗ್ರಾಸ್, 1938ರ ಆಗಸ್ಟ್ 26ರಂದು, ಏಳು ವರ್ಷದ ಬಾಲಕಿಗೆ. ಆಗ ಅವನ ವಯಸ್ಸು 33. ಹುಟ್ಟಿನಿಂದ ಬಂದ ಹೃದಯದ ದೋಷಗಳ ಶಸ್ತ್ರಚಿಕಿತ್ಸೆಯ ಇತಿಹಾಸ ಶುರುವಾಗುವುದೇ ಈ ನಾಳದಿಂದ.

ದಿನ ತುಂಬದ ಮಕ್ಕಳ ಕತೆ ಬೇರೆ. 27 ವಾರಕ್ಕೆ, ಒಂದು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ನಾಳದಲ್ಲಿ ರಚನೆಯ ದೋಷವಿಲ್ಲ, ಅದು ಇನ್ನೂ ಬಲಿತಿಲ್ಲ ಅಷ್ಟೆ. ಆಮ್ಲಜನಕಕ್ಕೆ ಅದು ಸರಿಯಾಗಿ ಬಿಗಿಯದು, ಪ್ರೊಸ್ಟಾಗ್ಲಾಂಡಿನ್‌ಗೆ ಅತಿಯಾಗಿ ಸ್ಪಂದಿಸುತ್ತದೆ. ಇಂಥ ಮಕ್ಕಳಲ್ಲಿ ಸೋರಿಕೆಯ ಪರಿಣಾಮ ಹೊಟ್ಟೆಯಲ್ಲಿ ಕಾಣುತ್ತದೆ. ನಾಲೆಯ ಮೇಲ್ಭಾಗದಲ್ಲಿ ನೀರು ಎತ್ತಿಕೊಂಡರೆ ಕೊನೆಯ ಭಾಗದ ಗದ್ದೆಗಳು ಒಣಗುವುದನ್ನು ನಮ್ಮ ರೈತರು ಪ್ರತಿ ಬೇಸಿಗೆ ನೋಡುತ್ತಾರೆ. ಹಾಗೆಯೇ ಮಹಾಪಧಮನಿಯ ಆರಂಭದಲ್ಲೇ ರಕ್ತ ಸೋರಿದರೆ ಕೆಳಗಿರುವ ಕರುಳಿಗೆ ಮತ್ತು ಮೂತ್ರಪಿಂಡಕ್ಕೆ ಹೃದಯ ವಿರಮಿಸುವ ಹೊತ್ತಿನಲ್ಲಿ ರಕ್ತ ಮುಟ್ಟುವುದಿಲ್ಲ, ಒಮ್ಮೊಮ್ಮೆ ಅದು ಹಿಂದಕ್ಕೂ ಸರಿಯುತ್ತದೆ. ಹೊಟ್ಟೆ ಉಬ್ಬುವುದು, ಹಾಲು ಜೀರ್ಣವಾಗದಿರುವುದು, ಮೂತ್ರ ಕಡಿಮೆಯಾಗುವುದು ಇದರ ಸೂಚನೆಗಳು. ಇವರಲ್ಲಿ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನು ತಡೆಯುವ ಐಬುಪ್ರೊಫೆನ್, ಇಂಡೊಮೆಥಾಸಿನ್ ಅಥವಾ ಪ್ಯಾರಾಸಿಟಮಾಲ್ ಕೊಟ್ಟು ನಾಳವನ್ನು ಮುಚ್ಚಿಸಲು ಯತ್ನಿಸಬಹುದು. ಆದರೆ ಎಲ್ಲರಿಗೂ ಕೂಡಲೇ ಔಷಧ ಕೊಡಬೇಕೆಂಬ ಹಿಂದಿನ ನಂಬಿಕೆ ಈಗ ಸಡಿಲವಾಗಿದೆ. ಬಹಳ ಮಕ್ಕಳಲ್ಲಿ ನಾಳ ತಾನಾಗಿಯೇ ಮುಚ್ಚುತ್ತದೆ, ಇತ್ತೀಚಿನ ದೊಡ್ಡ ಅಧ್ಯಯನಗಳಲ್ಲಿ ಕಾದು ನೋಡಿದ ಮಕ್ಕಳು ಬೇಗನೆ ಔಷಧ ಪಡೆದವರಿಗಿಂತ ಹಿಂದುಳಿಯಲಿಲ್ಲ. ನನ್ನ ರೂಢಿಯೂ ಈಗ ಕಾದು ನೋಡುವುದೇ.

ಇದೇ ತರ್ಕದಿಂದ ಇನ್ನೊಂದು ಎಚ್ಚರಿಕೆ ಹುಟ್ಟುತ್ತದೆ. ಗರ್ಭಿಣಿಯರು ಕೊನೆಯ ಮೂರು ತಿಂಗಳಲ್ಲಿ ಸೊಂಟನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ತಂದು ನುಂಗಬಾರದು. ತಾಯಿಯ ನೋವು ಇಳಿಸುವ ಔಷಧ ಮಾಸನ್ನು ದಾಟಿ, ಮಗುವಿಗೆ ಅತ್ಯಗತ್ಯವಾದ ನಾಳವನ್ನು ಗರ್ಭದಲ್ಲೇ ಬಿಗಿಯುವಂತೆ ಮಾಡಬಲ್ಲದು.

ಚಿಕಿತ್ಸೆಯಿಲ್ಲದೆ ದೊಡ್ಡ ನಾಳ ವರ್ಷಗಟ್ಟಲೆ ಉಳಿದರೆ ಏನಾಗುತ್ತದೆ ಎಂಬುದನ್ನು ನಾನು ಕಲಿತದ್ದು ಇಪ್ಪತ್ತೆರಡರ ಹೆಣ್ಣುಮಗಳೊಬ್ಬಳಿಂದ. ಚಿಕ್ಕಂದಿನಲ್ಲಿ "ಪದೇ ಪದೇ ಕಫ" ಆಗುತ್ತಿತ್ತು, ಆಮೇಲೆ ತಾನಾಗಿ ಕಡಿಮೆಯಾಯಿತು ಎಂದು ಅವಳ ತಾಯಿ ನೆನಪಿಸಿಕೊಂಡರು. ಈಗ ಗದ್ದೆಯ ಬದುವಿನಲ್ಲಿ ನಡೆದರೂ ಏದುಸಿರು. ಕೈಬೆರಳುಗಳ ಉಗುರು ಕೆಂಪಾಗಿಯೇ ಇದ್ದವು, ಚಪ್ಪಲಿ ಬಿಡಿಸಿ ನೋಡಿದರೆ ಕಾಲ್ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿ ತುದಿ ದಪ್ಪಗಾಗಿದ್ದವು. ಆಕ್ಸಿಮೀಟರ್ ಬಲಗೈಯಲ್ಲಿ 94, ಕಾಲಿನಲ್ಲಿ 78 ತೋರಿಸಿತು. ನಾಳ ಎತ್ತಿದ್ದ ಯಂತ್ರದ ಸದ್ದು ಅಲ್ಲಿರಲೇ ಇಲ್ಲ.

ಆ ಬಾಲ್ಯದ ಕಫ "ತಾನಾಗಿ ಕಡಿಮೆಯಾದದ್ದು" ಗುಣವಾದದ್ದಲ್ಲ. ವರ್ಷಗಳ ಕಾಲ ಹೆಚ್ಚಿನ ಒತ್ತಡದ ರಕ್ತದ ಹೊಡೆತಕ್ಕೆ ಸಿಕ್ಕಿ ಶ್ವಾಸಕೋಶದ ಸಣ್ಣ ರಕ್ತನಾಳಗಳ ಗೋಡೆ ದಪ್ಪಗಾಗಿ, ಒಳದಾರಿ ಕಿರಿದಾಗಿ, ಅಲ್ಲಿನ ಒತ್ತಡ ಮತ್ತೆ ಏರುತ್ತ ಹೋಯಿತು. ಎರಡು ಕಾಲುವೆಗಳ ಮಟ್ಟ ಸಮವಾದಾಗ ಸೋರಿಕೆ ಕಡಿಮೆಯಾಯಿತು, ಕಫವೂ ಕಡಿಮೆಯಾಯಿತು. ಕೊನೆಗೆ ಶ್ವಾಸಕೋಶದ ಮಟ್ಟ ದೇಹದ ಮಟ್ಟವನ್ನು ಮೀರಿದಾಗ ಹರಿವು ಗರ್ಭದಲ್ಲಿದ್ದ ದಿಕ್ಕಿಗೇ ತಿರುಗಿತು. ಆಮ್ಲಜನಕವಿಲ್ಲದ ರಕ್ತ ನಾಳದ ಮೂಲಕ ಮಹಾಪಧಮನಿಗೆ ಸೇರುವ ಜಾಗ ತಲೆ ಮತ್ತು ಬಲಗೈಗೆ ಹೋಗುವ ಕವಲುಗಳ ಆಚೆಗಿದೆ. ಅದಕ್ಕಾಗಿಯೇ ಬಲಗೈ ಕೆಂಪಗಿದ್ದು ಕಾಲು ನೀಲಿಯಾಯಿತು. ಇದಕ್ಕೆ ಐಸೆನ್‌ಮೆಂಗರ್ ಸ್ಥಿತಿ ಎನ್ನುತ್ತಾರೆ. ಇಲ್ಲಿ ನಾಳವನ್ನು ಮುಚ್ಚಬಾರದು. ಶ್ವಾಸಕೋಶದ ಆ ಒತ್ತಡಕ್ಕೆ ಉಳಿದಿರುವ ಒಂದೇ ಹೊರದಾರಿ ಅದು, ಮುಚ್ಚಿದರೆ ಹೃದಯದ ಬಲಭಾಗ ಸೋಲುತ್ತದೆ. ಔಷಧದಿಂದ ಸ್ವಲ್ಪ ಆರಾಮ ಕೊಡಬಹುದು, ಗರ್ಭ ಧರಿಸಿದರೆ ಅವಳ ಜೀವಕ್ಕೇ ಅಪಾಯವೆಂದು ತಿಳಿಸಿ ಹೇಳಬೇಕಾಗುತ್ತದೆ. ಮದುವೆ ಗೊತ್ತಾಗಿದ್ದ ಹೆಣ್ಣುಮಗಳಿಗೆ ಆ ಮಾತನ್ನು ಹೇಳಿದ ದಿನವನ್ನು ನಾನು ಮರೆತಿಲ್ಲ. ಚನ್ನಗಿರಿ ಕಡೆಯ ಆ ಮಗುವಿಗಿದ್ದದ್ದೂ ಇದೇ ನಾಳ. ನಡುವೆ ಇದ್ದ ವ್ಯತ್ಯಾಸ ಇಪ್ಪತ್ತೊಂದು ವರ್ಷ.

ಉಪನ್ಯಾಸದ ನಂತರ ಆಶಾ ಕಾರ್ಯಕರ್ತೆಯೊಬ್ಬರು, "ಸಾರ್, ಶೀತಕ್ಕೂ ಇದಕ್ಕೂ ಮನೆಯಲ್ಲೇ ವ್ಯತ್ಯಾಸ ತಿಳಿಯೋದು ಹೇಗೆ?" ಎಂದು ಕೇಳಿದರು. ಮಗು ನಿದ್ದೆಯಲ್ಲಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ ಎಂದೆ. ಎರಡು ತಿಂಗಳೊಳಗಿನ ಮಗುವಿಗೆ 60, ಅದರಿಂದ ಒಂದು ವರ್ಷದವರೆಗೆ 50, ಇದನ್ನು ಮುಟ್ಟಿದರೆ ಅಥವಾ ಮೀರಿದರೆ ಅದು ಜೋರು ಉಸಿರು, ಕಾರಣ ಶ್ವಾಸಕೋಶದ ಸೋಂಕೇ ಆಗಿರಲಿ ಹೃದಯವೇ ಆಗಿರಲಿ ಅಂದೇ ವೈದ್ಯರಿಗೆ ತೋರಿಸಬೇಕು. ಶೀತದ ಉಸಿರು ಮೂಗು ಸರಿಯಾದ ಮೇಲೆ ನಾಲ್ಕಾರು ದಿನಗಳಲ್ಲಿ ಇಳಿಯುತ್ತದೆ, ಹೃದಯದ್ದು ವಾರಗಟ್ಟಲೆ ಹಾಗೇ ಇರುತ್ತದೆ. ಅದರ ಜೊತೆಗೆ ಮಗು ಹಾಲು ಕುಡಿಯುವುದನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಪಕ್ಕದಲ್ಲೇ ಕೂತು ನೋಡಿ, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಅಡ್ಡಕ್ಕೆ ಹೋಗಿದೆಯೇ ನೋಡಿ, ಈ ಮೂರೂ ಒಟ್ಟಿಗೆ ಕಂಡರೆ ಇನ್ನೊಂದು ಸಿರಪ್ಪಿಗೆ ಕಾಯದೆ ಎಕೋ ಮಾಡಿಸುವ ಕಡೆಗೆ ಕಳಿಸಿ.

ಕೊನೆಯ ಪ್ರಶ್ನೆ ಒಬ್ಬ ತಂದೆಯದು. ಮಗು ಬೆಳೆದಂತೆ ರಕ್ತನಾಳಗಳೂ ಬೆಳೆಯುತ್ತವೆ, ಚಿಕ್ಕಂದಿನಲ್ಲಿ ಇಟ್ಟ ಬಿರಡೆ ಆಗ ಸಡಿಲವಾಗುವುದಿಲ್ಲವೇ ಎಂದು. ಸಡಿಲವಾಗುವುದಿಲ್ಲ. ಬಿರಡೆಯ ಹೆಣಿಗೆಯೊಳಗೆ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುತ್ತದೆ, ಸುಮಾರು ಆರು ತಿಂಗಳಲ್ಲಿ ರಕ್ತನಾಳದ ಒಳಪದರ ಅದರ ಮೇಲೆ ಬೆಳೆದು ಮುಚ್ಚಿಕೊಳ್ಳುತ್ತದೆ. ಆ ಆರು ತಿಂಗಳು ಹಲ್ಲು ಕೀಳಿಸುವಂಥ ಕೆಲಸಕ್ಕೆ ಮುಂಚೆ ಆ್ಯಂಟಿಬಯಾಟಿಕ್ ಕೊಡುತ್ತೇವೆ, ಸೋರಿಕೆ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಅದೂ ಬೇಕಾಗುವುದಿಲ್ಲ. ಒಮ್ಮೆ ಮುಚ್ಚಿದ ನಾಳ ಬೆಳೆಯುವುದಿಲ್ಲ, ಅದು ನಾರಾಗಿ ಉಳಿಯುತ್ತದೆ, ಉಳಿದ ಎಲ್ಲ ಮಕ್ಕಳ ಎದೆಯಲ್ಲಿ ಮೂರನೆಯ ವಾರಕ್ಕೆ ಆದಂತೆಯೇ. ಅಜ್ಜಿಯ ಮೊಮ್ಮಗಳು ಒಂದು ವರ್ಷದ ತಪಾಸಣೆಗೆ ಬಂದಾಗ 8.6 ಕಿಲೋ ಇದ್ದಳು. ನಾನು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಎಡ ಕಾಲರ್ ಮೂಳೆಯ ಕೆಳಗೆ ಬಹಳ ಹೊತ್ತು ಕೇಳಿದೆ, ಹೃದಯದ ಎರಡು ಸದ್ದುಗಳಷ್ಟೇ ಇದ್ದವು, ಅವುಗಳ ನಡುವೆ ಏನೂ ಇರಲಿಲ್ಲ.